ಒತ್ತುಗುಂಡಿಯ ಪುಟಿತ ಮತ್ತು ತಡೆಯ ಅವಧಿ: ಒಂದು ವಿಮರ್ಶೆ

1

ಎಂಬೆಡೆಡ್ ಸಿ ಭಾಷೆಯಲ್ಲಿ ಬರೆದ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳನ್ನು ಓದುವಾಗ ನಮ್ಮ ಕಣ್ಣಿಗೆ ಮತ್ತೆ ಮತ್ತೆ ಬೀಳುವ ಒಂದು ಸಾಲುಂಟು: `_delay_ms(50);`. ಒತ್ತುಗುಂಡಿಯನ್ನು ಓದುವ ಭಾಗ ಬಂದಿತೆಂದರೆ ಈ ಸಾಲೂ ಬಂದಿತೆಂದೇ ತಿಳಿಯಬೇಕು. ಐವತ್ತೇ ಏಕೆ, ಹತ್ತೇಕಾಗಬಾರದು, ನೂರೇಕಾಗಬಾರದು ಎಂದು ಕೇಳಿದರೆ ಬರುವ ಉತ್ತರ ಒಂದೇ: 'ಹಾಗೆ ಹಾಕುವುದು ವಾಡಿಕೆ.' ಈ ವಾಡಿಕೆಯನ್ನು ಇಲ್ಲಿ ಪರೀಕ್ಷೆಗೆ ಒಡ್ಡಬೇಕೆಂಬುದು ನಮ್ಮ ಉದ್ದೇಶ. ಆ ಸಾಲು ಇರುವ ಜಾಗ ತಪ್ಪು. ಜಾಗ ಸರಿಯಾದ ಮೇಲೂ ಸಂಖ್ಯೆಯನ್ನು ಗೊತ್ತುಮಾಡುವ ರೀತಿ ತಪ್ಪು. ಈ ಎರಡು ಮಾತುಗಳನ್ನು ಒಂದು ಉದಾಹರಣೆಯ ಮೂಲಕ ಸ್ಥಾಪಿಸಲು ಯತ್ನಿಸುತ್ತೇವೆ.

ಉದಾಹರಣೆಯನ್ನು ನಮ್ಮ ಊರಿನಿಂದಲೇ ತೆಗೆದುಕೊಳ್ಳೋಣ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಅಂಗಡಿಯ ಮುಂದೆ ಲಾರಿಯಿಂದ ಸರಕು ಇಳಿಯುತ್ತಿದೆಯೆಂದು ಭಾವಿಸೋಣ. ಹಮಾಲಿಗಳು ಮೂಟೆ ಹೊತ್ತು ಒಳಗೆ ಹೋಗುತ್ತಾರೆ; ಬಾಗಿಲಲ್ಲಿ ನಿಂತ ಗುಮಾಸ್ತ ಒಂದೊಂದು ಮೂಟೆಗೂ ಒಂದೊಂದು ಸಲ ಗುಂಡಿಯನ್ನು ಒತ್ತುತ್ತಾನೆ. ಪೆಟ್ಟಿಗೆಯೊಳಗಿನ ಮೈಕ್ರೋಕಂಟ್ರೋಲರ್ ಎಣಿಸಿ ಮೊತ್ತವನ್ನು ತೋರಿಸುತ್ತದೆ. ಕೂಲಿ ಮೂಟೆಯ ಲೆಕ್ಕದ ಮೇಲೆ. ಒಂದು ಒತ್ತು ಎರಡಾಗಿ ದಾಖಲಾದರೆ ಅಂಗಡಿಯವನಿಗೆ ನಷ್ಟ. ಒಂದು ಒತ್ತು ದಾಖಲಾಗದೆ ಹೋದರೆ ಬೆವರು ಸುರಿಸಿದ ಹಮಾಲಿಗೆ ನಷ್ಟ. ತಡೆಯ ಅವಧಿಯ ಆಯ್ಕೆಯೆಂಬುದು ಈ ಎರಡು ನಷ್ಟಗಳ ನಡುವಿನ ನ್ಯಾಯವೇ ಹೊರತು ಪ್ರೋಗ್ರಾಂ ಬರೆಯುವವನ ಅನುಕೂಲದ ಮಾತಲ್ಲ.

2

ಗುಂಡಿಯನ್ನು ಒತ್ತಿದಾಗ ಒಳಗಿನ ಎರಡು ಲೋಹದ ತುಣುಕುಗಳು ಕೂಡುತ್ತವೆ. ಅವು ಸ್ಪ್ರಿಂಗಿನ ಗುಣವುಳ್ಳವು. ಆದುದರಿಂದ ನೆಲಕ್ಕೆ ಬಿದ್ದ ಚೆಂಡಿನಂತೆ ಒಂದಕ್ಕೊಂದು ಬಡಿದು, ಪುಟಿದು, ಮತ್ತೆ ಬಡಿದು, ಕೊನೆಗೆ ನೆಲೆಗೊಳ್ಳುತ್ತವೆ. ಇದನ್ನೇ ಇಲ್ಲಿ ಪುಟಿತವೆಂದು ಕರೆಯುತ್ತೇವೆ. ಒತ್ತುವಾಗ ಮಾತ್ರವಲ್ಲ, ಬಿಡುವಾಗಲೂ ಇದು ಉಂಟಾಗುತ್ತದೆ. ಮನುಷ್ಯನ ಬೆರಳಿಗೆ ಇದರ ಅರಿವೇ ಆಗದು. ಆದರೆ 16 ಮೆಗಾಹರ್ಟ್ಸ್ ಗಡಿಯಾರದಿಂದ ನಡೆಯುವ ಎಟಿಮೆಗಾ 328ಪಿ ಎಂಬ ಮೈಕ್ರೋಕಂಟ್ರೋಲರಿಗೆ ಒಂದು ಮಿಲಿಸೆಕೆಂಡೆಂದರೆ 16,000 ಗಡಿಯಾರ ಬಡಿತಗಳು. ಅದಕ್ಕೆ ಪ್ರತಿಯೊಂದು ಪುಟಿತವೂ ಒಂದು ಬೇರೆಯ ಒತ್ತೇ.

ಈ ಪುಟಿತ ಎಷ್ಟು ಹೊತ್ತು ಇರುತ್ತದೆ? ಅಮೆರಿಕದ ಎಂಜಿನಿಯರ್ ಜ್ಯಾಕ್ ಗ್ಯಾನ್ಸಲ್ ಅವರು 18 ಬಗೆಯ ಸ್ವಿಚ್ಚುಗಳನ್ನು ಅಳೆದು ಪ್ರಕಟಿಸಿದ ಫಲಿತಾಂಶ ಇಲ್ಲಿ ಉಪಯುಕ್ತವಾಗಿದೆ. ಅವುಗಳಲ್ಲಿ 16 ಸ್ವಿಚ್ಚುಗಳ ಪುಟಿತ ಸರಾಸರಿ ಸುಮಾರು 1.6 ಮಿಲಿಸೆಕೆಂಡು, ಅತಿ ಹೆಚ್ಚೆಂದರೆ 6.2 ಮಿಲಿಸೆಕೆಂಡು. ಆದರೆ ಲೆಕ್ಕದಿಂದ ಹೊರಗಿಟ್ಟ ಎರಡರಲ್ಲಿ ಒಂದರ ಪುಟಿತ 150 ಮಿಲಿಸೆಕೆಂಡನ್ನೂ ಮೀರಿತ್ತು. ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಸಾಮಾನ್ಯ ಗುಂಡಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಶಾಂತವಾಗುತ್ತದೆ ಎಂಬುದು ಒಂದು. ಕೈಯಲ್ಲಿರುವ ಗುಂಡಿ ಸಾಮಾನ್ಯವಾದುದೋ ಅಲ್ಲವೋ ಎಂಬುದು ಅಳೆಯದೆ ತಿಳಿಯದು ಎಂಬುದು ಇನ್ನೊಂದು.

3

ಈಗ ವಾಡಿಕೆಯ ವಿಧಾನವನ್ನು ನೋಡೋಣ. ಗುಂಡಿಯ ಒಂದು ತುದಿ ನೆಲದ ತಂತಿಗೂ ಇನ್ನೊಂದು ತುದಿ PD2 ಎಂಬ ಕಾಲಿಗೂ ಸೇರಿದೆ. ಒತ್ತದಿರುವಾಗ ಒಳಗಿನ ಪುಲ್‌ಅಪ್ ರೆಸಿಸ್ಟರಿನಿಂದಾಗಿ ಆ ಕಾಲು 1 ಆಗಿಯೂ ಒತ್ತಿದಾಗ 0 ಆಗಿಯೂ ಓದಲ್ಪಡುತ್ತದೆ. 1ರಿಂದ 0ಗೆ ಇಳಿದಾಗ ಇಂಟರಪ್ಟ್ ಆಗುವಂತೆ ಏರ್ಪಡಿಸಿ, ವಿದ್ಯಾರ್ಥಿಗಳು ಹೀಗೆ ಬರೆಯುತ್ತಾರೆ:

```c
ISR(INT0_vect)
{
    _delay_ms(50);
    if (!(PIND & (1 << PD2)))
        total++;
}
```

ಮೇಲುನೋಟಕ್ಕೆ ಇದರಲ್ಲಿ ದೋಷವಿಲ್ಲ. ಮೊದಲ ಇಳಿತಕ್ಕೆ ಎಚ್ಚೆತ್ತು, 50 ಮಿಲಿಸೆಕೆಂಡು ಕಾದು, ಗುಂಡಿ ಇನ್ನೂ ಒತ್ತಿಯೇ ಇದೆಯೆಂದು ಖಚಿತಪಡಿಸಿಕೊಂಡು, ಒಂದು ಎಣಿಕೆ ಸೇರಿಸುತ್ತದೆ. ಆದರೂ ಪೆಟ್ಟಿಗೆ ಒಂದು ಒತ್ತಿಗೆ ಅನೇಕ ವೇಳೆ ಎರಡನ್ನು ತೋರಿಸುತ್ತದೆ. ವಿದ್ಯಾರ್ಥಿ 50ನ್ನು 100 ಮಾಡುತ್ತಾನೆ. ಒತ್ತಿ ಹಿಡಿದ ಗುಂಡಿ ಮತ್ತೂ ಎರಡನ್ನೇ ತೋರಿಸುತ್ತದೆ. ಗುಂಡಿ ಕಳಪೆಯೆಂದು ನಿರ್ಣಯವಾಗುತ್ತದೆ. ಆದರೆ ತಪ್ಪು ಗುಂಡಿಯದಲ್ಲ.

ಕಾರಣ ಹೀಗಿದೆ. ಇಂಟರಪ್ಟ್ ಬಂದಾಗ ಅದನ್ನು ಸೂಚಿಸುವ ಒಂದು ಧ್ವಜ ಏರುತ್ತದೆ. ಇಂಟರಪ್ಟಿನ ಕೆಲಸ ಆರಂಭವಾದೊಡನೆ, ಅದು ಮುಗಿದಾಗಲ್ಲ, ಆ ಧ್ವಜ ಇಳಿಯುತ್ತದೆ. ಬಳಿಕ ನಾವು 50 ಮಿಲಿಸೆಕೆಂಡು ಕಾಯುತ್ತಿರುವಾಗ ಗುಂಡಿ ಪುಟಿಯುತ್ತಲೇ ಇರುತ್ತದೆ. ಆ ಪುಟಿತದ ಒಂದು ಇಳಿತ ಧ್ವಜವನ್ನು ಮತ್ತೆ ಏರಿಸುತ್ತದೆ. ಕೆಲಸ ಮುಗಿಸಿ ಹೊರಬಂದ ಕೂಡಲೆ ಏರಿದ ಧ್ವಜವನ್ನು ಕಂಡು ಮೈಕ್ರೋಕಂಟ್ರೋಲರ್ ಅದೇ ಕೆಲಸವನ್ನು ಇನ್ನೊಮ್ಮೆ ಮಾಡುತ್ತದೆ. ಈ ಸಲ ಕಾದ ಮೇಲೂ ಗುಂಡಿ ಒತ್ತಿಯೇ ಇದ್ದರೆ ಎರಡನೆಯ ಎಣಿಕೆ ಸೇರುತ್ತದೆ. ಧ್ವಜ ಒಂದೇ ಆದುದರಿಂದ ಹತ್ತು ಪುಟಿತಗಳಾದರೂ ಅದು ಒಮ್ಮೆ ಮಾತ್ರ ಏರೀತು. ಆದಕಾರಣ ತಪ್ಪು ಎಣಿಕೆ ಎರಡನ್ನು ದಾಟಿ ಮೂರಕ್ಕೆ ಹೋಗುವುದಿಲ್ಲ. ಈ ದೋಷವನ್ನು ಗುರುತಿಸುವ ಲಕ್ಷಣವೇ ಇದು: ನಿಧಾನವಾಗಿ ಒತ್ತಿ ಹಿಡಿದರೆ ಒಂದು ಅಥವಾ ಎರಡು, ಎಂದೂ ಮೂರಿಲ್ಲ.

ಕೊನೆಯಲ್ಲಿ ಧ್ವಜವನ್ನು ಕೈಯಾರೆ ಇಳಿಸಿದರೆ, ಅಂದರೆ `EIFR = (1 << INTF0);` ಎಂದು ಬರೆದರೆ, ಈ ದೋಷ ಮರೆಯಾಗುತ್ತದೆ. ಆದರೆ ಇದಕ್ಕಿಂತ ಮೂಲಭೂತವಾದ ಆಕ್ಷೇಪಣೆ ಉಳಿದೇ ಇರುತ್ತದೆ. ಇಂಟರಪ್ಟಿನೊಳಗೆ ಕಾಯುತ್ತಿರುವಷ್ಟು ಕಾಲವೂ ಬೇರೆ ಯಾವ ಇಂಟರಪ್ಟಿಗೂ ಅವಕಾಶವಿಲ್ಲ. 9600 ಬಾಡ್ ವೇಗದಲ್ಲಿ ಸರಣಿ ತಂತಿಯ ಮೇಲೆ ಅಕ್ಷರಗಳು ಬರುತ್ತಿದ್ದರೆ 50 ಮಿಲಿಸೆಕೆಂಡಿನಲ್ಲಿ ಸುಮಾರು 48 ಅಕ್ಷರಗಳು ಬರುತ್ತವೆ. ಅವನ್ನು ಹಿಡಿದಿಡಲು ಯಂತ್ರದಲ್ಲಿರುವ ಸ್ಥಳ ಎರಡು ಮೂರು ಅಕ್ಷರಗಳಷ್ಟೇ. ಉಳಿದವು ಕಳೆದುಹೋಗುತ್ತವೆ. ಗುಂಡಿಯೊಂದು ಶಾಂತವಾಗಲೆಂದು ಇಡೀ ಯಂತ್ರವನ್ನು ಕಿವುಡಾಗಿಸುವುದು ಸರಿಯಾದ ವಿಧಾನವೆನ್ನಲಾಗದು.

4

ಗುಂಡಿ ತನ್ನನ್ನು ಎಬ್ಬಿಸಲೆಂದು ಕಾಯುವ ಬದಲು, ಮೈಕ್ರೋಕಂಟ್ರೋಲರ್ ತಾನೇ ಗೊತ್ತಾದ ಹೊತ್ತಿಗೆ ಗುಂಡಿಯನ್ನು ನೋಡಿಬರುವುದು ಮೇಲು. ಇದಕ್ಕೆ ಟೈಮರ್ ಇಂಟರಪ್ಟ್ ಸಹಾಯಕ. 16 ಮೆಗಾಹರ್ಟ್ಸನ್ನು 64ರಿಂದ ಭಾಗಿಸಿದರೆ ಸೆಕೆಂಡಿಗೆ 2,50,000 ಬಡಿತಗಳು ದೊರೆಯುತ್ತವೆ. ಅವುಗಳಲ್ಲಿ 250ನ್ನು ಎಣಿಸಿದರೆ ಸರಿಯಾಗಿ ಒಂದು ಮಿಲಿಸೆಕೆಂಡು. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ರಿಜಿಸ್ಟರಿನಲ್ಲಿ 249 ಎಂದು ಬರೆಯಬೇಕು:

```c
PORTD |= (1 << PD2);
TCCR2A = (1 << WGM21);
TCCR2B = (1 << CS22);
OCR2A  = 249;
TIMSK2 = (1 << OCIE2A);
sei();
```

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಟೈಮರ್ 0 ಮತ್ತು ಟೈಮರ್ 1ರಲ್ಲಿ 64ರ ಭಾಗಾಕಾರಕ್ಕೆ 011 ಎಂಬ ಬಿಟ್‌ಗಳು ಬೇಕು. ಟೈಮರ್ 2ರಲ್ಲಿ ಅವೇ ಬಿಟ್‌ಗಳಿಗೆ 32ರ ಭಾಗಾಕಾರವೆಂದು ಅರ್ಥ, 64ಕ್ಕೆ 100 ಬೇಕು. ಬೇರೆ ಟೈಮರಿನ ಸಾಲನ್ನು ಇಲ್ಲಿಗೆ ನಕಲು ಮಾಡಿದವನ ಮಿಲಿಸೆಕೆಂಡು ಅರ್ಧ ಮಿಲಿಸೆಕೆಂಡಾಗಿರುತ್ತದೆ, ಅವನು 20 ಎಂದು ನಂಬಿದ ಅವಧಿ 10 ಆಗಿರುತ್ತದೆ. ಪರೀಕ್ಷಿಸುವುದು ಸುಲಭ. ಇಂಟರಪ್ಟಿನಲ್ಲಿ 60,000 ಸಲ ಎಣಿಸಿ ಒಂದು ಎಲ್‌ಇಡಿಯನ್ನು ಹೊತ್ತಿಸಿ. ಕೈಗಡಿಯಾರದಲ್ಲಿ ಒಂದು ನಿಮಿಷ ಕಳೆದಿದ್ದರೆ ಸರಿ, ಅರ್ಧ ನಿಮಿಷವಾಗಿದ್ದರೆ ತಪ್ಪು.

ಇನ್ನು ಪ್ರತಿ ಮಿಲಿಸೆಕೆಂಡಿಗೂ ನಡೆಯುವ ಕೆಲಸ ಇಷ್ಟು:

```c
#define N 20
volatile uint8_t pressed;

ISR(TIMER2_COMPA_vect)
{
    static uint8_t stable = 1, count = 0;
    uint8_t now = (PIND >> PD2) & 1;

    if (now == stable) {
        count = 0;
    } else if (++count >= N) {
        stable = now;
        count = 0;
        if (stable == 0)
            pressed++;
    }
}
```

ಇದರ ತಾತ್ಪರ್ಯ ಸರಳ. ಗುಂಡಿಯ ನೆಲೆಗೊಂಡ ಸ್ಥಿತಿಯೆಂದು ನಾವು ಒಪ್ಪಿರುವುದು `stable`. ಈಗ ಕಂಡದ್ದು ಅದಕ್ಕಿಂತ ಬೇರೆಯಾಗಿದ್ದರೆ ಕೂಡಲೆ ನಂಬುವುದಿಲ್ಲ. N ಸಲ ಎಡೆಬಿಡದೆ ಅದನ್ನೇ ಹೇಳಿದರೆ ಮಾತ್ರ ನಂಬುತ್ತೇವೆ. ನಡುವೆ ಒಮ್ಮೆ ಮಾತು ಬದಲಿಸಿದರೂ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಕೆಲಸ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಮುಗಿಯುತ್ತದೆ. ಯಾರೂ ಯಾರಿಗಾಗಿಯೂ ಕಾಯುವುದಿಲ್ಲ. ಮುಖ್ಯ ಪ್ರೋಗ್ರಾಂ `pressed` ಅನ್ನು ಓದಿ ಸೊನ್ನೆ ಮಾಡುವಾಗ ಮಾತ್ರ ಆ ಎರಡು ಕ್ರಿಯೆಗಳ ನಡುವೆ ಇಂಟರಪ್ಟ್ ನುಸುಳದಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಆ ಎಡೆಯಲ್ಲಿ ಬಂದ ಒತ್ತು ಅಳಿಸಿಹೋಗುತ್ತದೆ:

```c
cli();
n = pressed;
pressed = 0;
sei();
total += n;
```

5

ವಿಧಾನ ಸರಿಯಾಯಿತು, ಇನ್ನು N ಎಷ್ಟಿರಬೇಕೆಂಬ ಪ್ರಶ್ನೆ. ಗುಮಾಸ್ತ ಒಮ್ಮೆ ಗುಂಡಿಯನ್ನು ಒತ್ತಿದಾಗ 1ನೆಯ ಮಿಲಿಸೆಕೆಂಡಿನಿಂದ ಮೊದಲ್ಗೊಂಡು ಕಂಡ ಬೆಲೆಗಳು ಹೀಗಿವೆಯೆಂದು ಇಟ್ಟುಕೊಳ್ಳೋಣ:

```
0 1 0 0 1 1 0 0 0 0 0 ...
```

ಮೊದಲ 6 ಮಿಲಿಸೆಕೆಂಡು ಗದ್ದಲ. 7ನೆಯದರಿಂದ ಮುಂದೆ ಶಾಂತಿ. N ಎಂಬುದು 2 ಆಗಿದ್ದರೆ, 3 ಮತ್ತು 4ನೆಯ ಬೆಲೆಗಳನ್ನು ನಂಬಿ ಒಂದು ಒತ್ತು ದಾಖಲಾಗುತ್ತದೆ. 5 ಮತ್ತು 6ನ್ನು ನಂಬಿ ಗುಂಡಿ ಬಿಟ್ಟಂತಾಗುತ್ತದೆ. 7 ಮತ್ತು 8ನ್ನು ನಂಬಿ ಎರಡನೆಯ ಒತ್ತು ದಾಖಲಾಗುತ್ತದೆ. ಒಂದು ಮೂಟೆ ಎರಡಾಯಿತು. N ಎಂಬುದು 3 ಆದರೆ ಎಡೆಬಿಡದ ಮೂರು ಸೊನ್ನೆಗಳು ಮೊದಲ ಸಲ ಸಿಗುವುದು 7, 8, 9ರಲ್ಲಿ, ಎಣಿಕೆ ಒಂದೇ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನಮ್ಮ ವಿಮರ್ಶೆಯ ತಿರುಳೇ ಅದು. ಗದ್ದಲ 6 ಮಿಲಿಸೆಕೆಂಡು ನಡೆಯಿತು. ಆದರೂ N ಎಂಬುದು 3 ಆದರೆ ಸಾಕಾಯಿತು. ಏಕೆಂದರೆ ಈ ವಿಧಾನದಲ್ಲಿ N ಅಳೆಯುವುದು ಗದ್ದಲದ ಒಟ್ಟು ಉದ್ದವನ್ನಲ್ಲ, ಗದ್ದಲದ ನಡುವೆ ಬರುವ ಸುಳ್ಳು ಶಾಂತಿಯ ಉದ್ದವನ್ನು. ಗದ್ದಲ ಬೆಳೆದರೆ ಉತ್ತರ ತಡವಾಗುತ್ತದೆಯೇ ಹೊರತು ತಪ್ಪಾಗುವುದಿಲ್ಲ. ಮೊದಲ ಇಳಿತವನ್ನೇ ಒಪ್ಪಿ, ಬಳಿಕ ಕೆಲವು ಮಿಲಿಸೆಕೆಂಡು ಕಣ್ಣು ಮುಚ್ಚುವ ಇನ್ನೊಂದು ವಿಧಾನವುಂಟು; ಅಲ್ಲಿ ಅವಧಿ ಇಡೀ ಗದ್ದಲಕ್ಕಿಂತ ಹೆಚ್ಚಿರಲೇಬೇಕು. ಅದೇ ಉದಾಹರಣೆಯಲ್ಲಿ ಆ ವಿಧಾನ 5 ಮಿಲಿಸೆಕೆಂಡು ಕಣ್ಣು ಮುಚ್ಚಿದರೆ, 6ನೆಯದರಲ್ಲಿ ಕಣ್ಣು ತೆರೆದಾಗ ಕಾಣುವುದು 1. ಗುಂಡಿ ಬಿಟ್ಟಿತೆಂದು ತಿಳಿದು ಮತ್ತೆ ಕಣ್ಣು ಮುಚ್ಚಿ, 11ನೆಯದರಲ್ಲಿ 0 ಕಂಡು ಎರಡನೆಯ ಒತ್ತೆಂದು ಬರೆದುಕೊಳ್ಳುತ್ತದೆ. ನಮ್ಮ ವಿಧಾನದಲ್ಲಾದರೋ 5 ಧಾರಾಳವಾಗಿ ಸಾಕು. ಒಂದೇ ಸಂಖ್ಯೆಗೆ ಎರಡು ವಿಧಾನಗಳಲ್ಲಿ ಎರಡು ಅರ್ಥ. ಒಂದು ಪುಸ್ತಕದಿಂದ ವಿಧಾನವನ್ನೂ ಇನ್ನೊಂದರಿಂದ ಸಂಖ್ಯೆಯನ್ನೂ ತಂದು ಜೋಡಿಸುವುದು ಏಕೆ ಅಪಾಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

6

ಹೀಗೆ ಕೆಳಗಿನ ಎಲ್ಲೆ ಗುಂಡಿಯಿಂದ ಬರುತ್ತದೆ. ಮೇಲಿನ ಎಲ್ಲೆ ಮನುಷ್ಯನಿಂದ. ಬೆರಳನ್ನು ಅತಿ ವೇಗವಾಗಿ ಆಡಿಸುವವನು ಸೆಕೆಂಡಿಗೆ ಆರೇಳು ಸಲ ಗುಂಡಿಯನ್ನು ಒತ್ತಬಲ್ಲ. ಅಂದರೆ ಒಂದು ಸುತ್ತಿಗೆ ಸುಮಾರು 150 ಮಿಲಿಸೆಕೆಂಡು. ಅರ್ಧ ಕಾಲ ಒತ್ತಿರುತ್ತಾನೆ, ಅರ್ಧ ಕಾಲ ಬಿಟ್ಟಿರುತ್ತಾನೆಂದರೆ ಒಂದೊಂದಕ್ಕೆ 75. ಅದರಲ್ಲಿ ಗದ್ದಲಕ್ಕೆ 6 ಹೋದರೆ ಶಾಂತವಾಗಿ ಉಳಿಯುವುದು 69. N ಇದಕ್ಕಿಂತ ಕಡಿಮೆಯಿರಲೇಬೇಕು. ಅತಿಯಾದ ಜಾಗರೂಕತೆಯಿಂದ N ಅನ್ನು 100 ಮಾಡಿದವನ ಪೆಟ್ಟಿಗೆಯಲ್ಲಿ ಏನಾಗುತ್ತದೆ? ಎಡೆಬಿಡದ ನೂರು ಸೊನ್ನೆಗಳು ಎಂದೂ ದೊರೆಯದೆ, ಅವಸರದಲ್ಲಿ ಒತ್ತಿದ ಒತ್ತುಗಳ ಸಾಲು ಸಾಲೇ ಕಾಣೆಯಾಗುತ್ತದೆ. ನಿಧಾನವಾಗಿ ಒತ್ತಿ ನೋಡಿದರೆ ಎಲ್ಲವೂ ಸರಿ. ಕೆಲಸದ ಭರದಲ್ಲಿ ಮಾತ್ರ ಲೆಕ್ಕ ಕಡಿಮೆ. ಪ್ರಯೋಗಶಾಲೆಯಲ್ಲಿ ಉತ್ತೀರ್ಣವಾದ ಪೆಟ್ಟಿಗೆ ದುರ್ಗಿಗುಡಿಯ ಬಾಗಿಲಲ್ಲಿ ಹಮಾಲಿಯ ಕೂಲಿಯನ್ನು ಕಡಿಯುವ ಬಗೆ ಇದು. ಇದಲ್ಲದೆ, ಒತ್ತಿಗೂ ಉತ್ತರಕ್ಕೂ ನಡುವೆ ಸುಮಾರು 100 ಮಿಲಿಸೆಕೆಂಡು ಕಳೆದರೆ ಆ ವಿಳಂಬ ಮನುಷ್ಯನ ಅನುಭವಕ್ಕೆ ಬರತೊಡಗುತ್ತದೆ. ಅನುಮಾನಗೊಂಡ ಗುಮಾಸ್ತ ಇನ್ನೊಮ್ಮೆ ಒತ್ತಿದರೆ ಆಗ ತಪ್ಪು ಯಾರದೆಂದು ಹೇಳುವುದು ಕಷ್ಟ.

ಕೆಳಗಿನ ಎಲ್ಲೆಯನ್ನು ತಿಳಿಯಲು ಆಸಿಲೋಸ್ಕೋಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಚಿಂತೆಯಿಲ್ಲ. ಪ್ರೋಗ್ರಾಮಿನಿಂದಲೇ ಅಳೆಯಿಸಬಹುದು. `volatile uint8_t worst;` ಎಂದು ಮೇಲೆ ಘೋಷಿಸಿ, ಎಣಿಕೆಯನ್ನು ಸೊನ್ನೆ ಮಾಡುವ ಮುನ್ನ ಅದು ಎಷ್ಟರವರೆಗೆ ಏರಿತ್ತೆಂದು ಬರೆದಿಟ್ಟುಕೊಂಡರಾಯಿತು:

```c
if (now == stable) {
    if (count > worst)
        worst = count;
    count = 0;
}
```

ಅಳತೆಯ ಕಾಲಕ್ಕೆ N ಅನ್ನು 50 ಮಾಡಿ, ಗುಂಡಿಯನ್ನು ನೂರಿನ್ನೂರು ಸಲ, ಪ್ರತಿ ಸಲವೂ ಒಂದರೆಕ್ಷಣ ಒತ್ತಿ ಹಿಡಿದು ಬಿಡಬೇಕು. ತೀರ ಚುಟುಕಾಗಿ ತಟ್ಟಿದರೆ ನಿಜವಾದ ಒತ್ತೇ ಸುಳ್ಳೆಂದು ಎಣಿಕೆಯಾಗಿ ಅಳತೆ ಕೆಡುತ್ತದೆ. ಕೊನೆಗೆ `worst` ತೋರುವುದೇ ಆ ಗುಂಡಿಯ ಅತಿ ಉದ್ದವಾದ ಸುಳ್ಳು ಶಾಂತಿ, ಮಿಲಿಸೆಕೆಂಡುಗಳಲ್ಲಿ. ಮೇಲಿನ ಉದಾಹರಣೆಯ ಗುಂಡಿಗೆ ಅದು 2. ಆದುದರಿಂದ N ಕನಿಷ್ಠ 3, ಗರಿಷ್ಠ 69. ಈ ಎರಡರ ನಡುವೆ 20 ಯುಕ್ತವಾಗಿ ತೋರುತ್ತದೆ: ಕೆಳಗಿನ ಎಲ್ಲೆಯ ಸುಮಾರು ಏಳರಷ್ಟು, ಮೇಲಿನ ಎಲ್ಲೆಯ ಮೂರನೆಯ ಒಂದು ಪಾಲಿಗಿಂತ ಕಡಿಮೆ; ಒತ್ತು ದಾಖಲಾಗುವುದು 26ನೆಯ ಮಿಲಿಸೆಕೆಂಡಿನಲ್ಲಿ. ಕೆಳಗಡೆಗೆ ಇಷ್ಟು ಧಾರಾಳತನ ಏಕೆಂದರೆ ಗುಂಡಿ ಹಳತಾಗುತ್ತದೆ, ಧೂಳು ಸೇರುತ್ತದೆ, ಮಲೆನಾಡಿನ ಮಳೆಗಾಲದ ತೇವ ಲೋಹವನ್ನು ಮುತ್ತುತ್ತದೆ. ಇಂದಿನ ಅಳತೆ ಇಂದಿನ ಗುಂಡಿಯದು. ಹೊಸ ಗುಂಡಿ `worst`ನಲ್ಲಿ 8 ಅಥವಾ 10ನ್ನೇ ತೋರಿಸಿದರೆ N ಅನ್ನು ಹೆಚ್ಚಿಸಹೋಗದೆ ಗುಂಡಿಯನ್ನೇ ಬದಲಿಸುವುದು ವಿವೇಕ.

7

ಈ ವಿಧಾನದ ಮಿತಿಗಳನ್ನು ಹೇಳದೆ ಮುಗಿಸಲಾಗದು. ಗುಂಡಿಗೆ ಉದ್ದನೆಯ ತಂತಿ ಎಳೆದಿದ್ದರೆ ಅಕ್ಕಪಕ್ಕದ ಮೋಟಾರು, ಟ್ಯೂಬ್‌ಲೈಟುಗಳ ಗದ್ದಲವೂ ಒಳಬರುತ್ತದೆ. ಮೈಕ್ರೋಕಂಟ್ರೋಲರಿನ ಒಳಗಿನ ಪುಲ್‌ಅಪ್ 20ರಿಂದ 50 ಕಿಲೋಓಮ್‌ನಷ್ಟು ದುರ್ಬಲವಾದುದು. ಅಂಥ ಕಡೆ ಹೊರಗಿನಿಂದ 4.7 ಕಿಲೋಓಮ್‌ನ ರೆಸಿಸ್ಟರನ್ನು ಸೇರಿಸಬೇಕು. ಯಾರೂ ಮುಟ್ಟದಿರುವಾಗ ಎಣಿಕೆ ಏರಿದರೆ ದೋಷ ಪುಟಿತದ್ದಲ್ಲ, ತಂತಿಯದು ಎಂದು ತಿಳಿಯಬೇಕು.

ಇನ್ನೊಂದು ಮಿತಿ ಇನ್ನೂ ಆಳವಾದುದು. ಗುಂಡಿಯ ಪುಟಿತವನ್ನು ತಡೆದೇವು. ಗುಮಾಸ್ತನೇ ಅಚಾತುರ್ಯದಿಂದ ಎರಡು ಸಲ ಒತ್ತಿದರೆ ಅದನ್ನು ಯಾವ ಅವಧಿಯೂ ತಡೆಯದು. ಒಂದು ಒತ್ತಿಗೆ ಒಂದೇ ಎಣಿಕೆಯೆಂಬುದು ಪರಮ ನಿಯಮವಾಗಿರುವ ಕಡೆ ಕಾಲವನ್ನು ನಂಬದೆ ಬೇರೆ ಕಟ್ಟು ಹಾಕುತ್ತಾರೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸುವ ವಿದ್ಯುನ್ಮಾನ ಮತಯಂತ್ರ ಇದಕ್ಕೆ ಉತ್ತಮ ನಿದರ್ಶನ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಯಾಗಿ, 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಿಗೂ ವ್ಯಾಪಿಸಿದ ಈ ಬಗೆಯ ಯಂತ್ರದಲ್ಲಿ ಮತದಾರ ಒಮ್ಮೆ ಗುಂಡಿಯನ್ನು ಒತ್ತಿದ ಮೇಲೆ ಎಷ್ಟು ಸಲ ಒತ್ತಿದರೂ ಫಲವಿಲ್ಲ. ಅಧಿಕಾರಿ ತನ್ನ ಬಳಿಯ ಕಂಟ್ರೋಲ್ ಯೂನಿಟ್ಟಿನಿಂದ ಮುಂದಿನ ಮತಕ್ಕೆ ಅನುಮತಿ ಕೊಟ್ಟಾಗಲೇ ಯಂತ್ರ ಮತ್ತೆ ತೆರೆದುಕೊಳ್ಳುತ್ತದೆ. ಅಲ್ಲಿ ಎರಡನೆಯ ಎಣಿಕೆಯನ್ನು ತಡೆಯುವುದು ಮಿಲಿಸೆಕೆಂಡಲ್ಲ, ಇನ್ನೊಬ್ಬನ ಒಪ್ಪಿಗೆ. ಮೂಟೆಗಳ ಲೆಕ್ಕಕ್ಕೆ ಅಷ್ಟು ಬಿಗಿ ಬೇಡವಾದೀತು. ಆದರೆ ಅವಧಿಯಿಂದ ಸಾಧ್ಯವಾಗುವುದೇನು, ಆಗದಿರುವುದೇನು ಎಂಬುದನ್ನು ಆ ಯಂತ್ರ ಸ್ಪಷ್ಟಪಡಿಸುತ್ತದೆ.

ಆದುದರಿಂದ ನಮ್ಮ ಸೂಚನೆ ಇಷ್ಟೇ. ವರದಿಯಲ್ಲಿ `N` ಎಂಬುದು 20 ಎಂದು ಬರೆದಿದ್ದರೆ ಅದರ ಪಕ್ಕದಲ್ಲಿ ಇನ್ನೆರಡು ಸಂಖ್ಯೆಗಳಿರಲಿ: ಆ ಗುಂಡಿಯ ಮೇಲೆ ಅಳೆದ `worst` ಎಷ್ಟು, ಆ ಕೆಲಸದಲ್ಲಿ ಬರಬಹುದಾದ ಅತಿ ಚಿಕ್ಕ ಒತ್ತು ಎಷ್ಟು. ಈ ಎರಡನ್ನು ಬರೆಯಲಾರದ ವಿದ್ಯಾರ್ಥಿಯ 20, ವಾಡಿಕೆಯ 50ಕ್ಕಿಂತ ಯಾವ ರೀತಿಯಲ್ಲೂ ಮೇಲಲ್ಲ.